ಪುಟ ಎಣಿಸಬೇಡಿ, ಉದ್ದೇಶ ನೋಡಿ

“ದೂರಶಿಕ್ಷಣದ ಮುದ್ರಿತ ಪಾಠಗಳನ್ನು ವಾರವಾರದ ತುಣುಕು ಮಾಡಬೇಕು. ಪುಟ ಎಣಿಸಿ ಭಾಗ ಮಾಡಿದರೆ ಸಾಕಾ?”

ಸಾಲದು. ಘಟಕದ ಆರಂಭದಲ್ಲಿ ‘ಉದ್ದೇಶಗಳು’ ಅಂತ ಪಟ್ಟಿ ಇರುತ್ತಲ್ಲ, ಅದನ್ನು ಹಿಡಿಯಿರಿ. ವಾರಕ್ಕೆ ಒಂದು, ಹೆಚ್ಚೆಂದರೆ ಎರಡು. ಲೆಕ್ಕಶಾಸ್ತ್ರದಲ್ಲಿ ಸವಕಳಿಯ ಪಾಠ ಒಡೆದಾಗ ನನಗೆ ಮೊದಲ ವಾರಕ್ಕೆ, ಪ್ರತಿ ವರ್ಷ ಒಂದೇ ಮೊತ್ತ ಕಳೆಯುವ ಸ್ಥಿರ ಕಂತಿನ ಪದ್ಧತಿಯೊಂದೇ ಸಾಕಾಯಿತು.

ತುಣುಕಿನ ಕೊನೆಗೆ ಕಲಿತದ್ದನ್ನು ಪರೀಕ್ಷಿಸುವ ಪ್ರಶ್ನೆಯೂ ಬೇಕು. ‘ಸವಕಳಿ ಎಂದರೇನು?’ ಎಂದು ಕೇಳಿದರೆ ಪುಸ್ತಕದ ಸಾಲೇ ವಾಪಸ್ ಬರುತ್ತದೆ. ಹೀಗೆ ಕೇಳಿ: ಯಂತ್ರದ ಬೆಲೆ 50,000, ಗುಜರಿ ಮೌಲ್ಯ 5,000, ಬಾಳಿಕೆ 9 ವರ್ಷ, ವರ್ಷದ ಸವಕಳಿ ಎಷ್ಟು? 5,000 ಬಂದರೆ ಸರಿ. 5,556 ಬಂದರೆ ಗುಜರಿ ಮೌಲ್ಯ ಕಳೆಯುವುದನ್ನು ಮರೆತಿದ್ದಾರೆ. ಉತ್ತರದ ಜೊತೆ ಆ ಕಾರಣವನ್ನೂ, ಮತ್ತೆ ಓದಬೇಕಾದ ಪುಟಸಂಖ್ಯೆಯನ್ನೂ ಬರೆಯಿರಿ. ಉತ್ತರ ಮಾತ್ರ ಹಾಳೆಯ ಹಿಂಬದಿಗೆ ಇರಲಿ. ಕೆಳಗೇ ಇದ್ದರೆ ಲೆಕ್ಕ ಮಾಡುವ ಮೊದಲೇ ಕಣ್ಣು ಅಲ್ಲಿಗೆ ಹೋಗುತ್ತದೆ.