ರಿಲೀವಿಂಗ್ ಲೆಟರ್ ಇಲ್ದಿರೋ ಡೆಲಿವರಿ ಕೆಲಸನ ರೆಸ್ಯೂಮೆಲಿ ಹೇಗೆ ಹಾಕೋದು?

ಪ್ರಶ್ನೆ: ಸರ್ ನಮಸ್ತೆ, ನಾನು ಹಾಸನದ ಕಡೆಯವನು, ಬಿಕಾಂ ಮುಗ್ಸಿ ಬೆಂಗಳೂರಲ್ಲಿ ಫುಡ್ ಡೆಲಿವರಿ ಮಾಡ್ತಿದೀನಿ. ಮೊದಲು 3 ತಿಂಗಳು ಮಾವನ ಮಗನ ಐಡಿಲಿ ಓಡ್ಸಿದೆ, ಆಮೇಲೆ ನನ್ನದೇ ಐಡಿ, 26 ತಿಂಗಳಾಯ್ತು. ಮಧ್ಯೆ ಗಾಡಿಯಿಂದ ಬಿದ್ದು 2 ತಿಂಗಳು ಮನೇಲಿದ್ದೆ. ಒಟ್ಟು 14,400 ಆರ್ಡರ್, ರೇಟಿಂಗ್ 4.8. ನೆಲಮಂಗಲದ ಒಂದು ವೇರ್‌ಹೌಸಲ್ಲಿ ಡಿಸ್ಪ್ಯಾಚ್ ಅಸಿಸ್ಟೆಂಟ್ ಕೆಲಸ ಇದೆ, 1 ವರ್ಷ ಎಕ್ಸ್‌ಪೀರಿಯನ್ಸ್ ಕೇಳಿದಾರೆ. ನನ್ನತ್ರ ಪೇಸ್ಲಿಪ್ಪೂ ಇಲ್ಲ ಲೆಟರೂ ಇಲ್ಲ. ರೂಮ್‌ಮೇಟ್ 6 ಸಾವಿರಕ್ಕೆ ಯಾವ್ದೋ ಕಂಪನಿ ಲೆಟರ್ ಮಾಡಿಸ್ಕೊಡ್ತೀನಿ ಅಂತಾನೆ. ಇಲ್ಲ ಫ್ರೆಶರ್ ಅಂತಾನೇ ಹಾಕ್ಲಾ?

ಉತ್ತರ: ಎರಡೂ ಬೇಡ. ರೂಮ್‌ಮೇಟ್ ಹೇಳಿದ್ದಂತೂ ಖಂಡಿತ ಬೇಡ. ನಾನು ವೇರ್‌ಹೌಸ್‌ಗಳಿಗೆ ಜನ ತಗೊಳೋ ಕೆಲಸ ಸುಮಾರು ವರ್ಷ ಮಾಡಿದೀನಿ, ಒಬ್ಬ ಹುಡುಗ ಇಂಥದ್ದೇ ಲೆಟರ್ ತಂದು ಸೇರ್ಕೊಂಡಿದ್ದ, ಕೆಲಸ ಚೆನ್ನಾಗೇ ಮಾಡ್ತಿದ್ದ, ಒಂದೂವರೆ ತಿಂಗಳಾದ್ಮೇಲೆ ವೆರಿಫಿಕೇಶನ್ ರಿಪೋರ್ಟ್ ಬಂತು, ಆ ಕಂಪನಿ ಹೆಸರಲ್ಲಿ ಇವನ ಪಿಎಫ್ ಒಂದು ತಿಂಗಳೂ ಕಟ್ಟಿಲ್ಲ, ಲೆಟರಲ್ಲಿದ್ದ ನಂಬರ್‌ಗೆ ಫೋನ್ ಮಾಡಿದ್ರೆ ಎತ್ತೋರೇ ಇಲ್ಲ. ಅವತ್ತೇ ಕಳಿಸ್ಬೇಕಾಯ್ತು. ನನಗೂ ಬೇಜಾರಾಯ್ತು, ಯಾಕಂದ್ರೆ ಆಮೇಲೆ ಗೊತ್ತಾಯ್ತು ಅವನು ನಿಜವಾಗ್ಲೂ 2 ವರ್ಷ ಡೆಲಿವರಿ ಮಾಡಿದ್ದ, ಅದನ್ನ ಹೇಳ್ಕೊಳಕ್ಕೆ ನಾಚ್ಕೊಂಡು ಸುಳ್ಳು ತಂದಿದ್ದ.

ನೀವು ಮೊದಲು ಗಮನಿಸ್ಬೇಕಾದ್ದು ಹುದ್ದೆಯ ಹೆಸರು. ತುಂಬಾ ಜನ ಆಪ್ ಕಂಪನಿ ಹೆಸರು ಹಾಕಿ ಪಕ್ಕದಲ್ಲಿ ಡೆಲಿವರಿ ಎಕ್ಸಿಕ್ಯೂಟಿವ್, ಫುಲ್ ಟೈಮ್ ಅಂತ ಬರೀತಾರೆ. ವೆರಿಫಿಕೇಶನ್ ಏಜೆನ್ಸಿಯವರು ಆ ಕಂಪನಿಗೆ ಮೇಲ್ ಹಾಕಿದಾಗ ಅವರು ಈ ಹೆಸರಿನ ಎಂಪ್ಲಾಯಿ ನಮ್ಮಲ್ಲಿ ಇಲ್ಲ ಅಂತ ಉತ್ತರ ಕೊಡ್ತಾರೆ, ಅವರ ಲೆಕ್ಕದಲ್ಲಿ ಅದು ಸರಿನೇ, ನೀವು ಪಾರ್ಟ್ನರ್ ಅಷ್ಟೇ. ಆದ್ರೆ ರಿಪೋರ್ಟಲ್ಲಿ ನಿಮ್ಮ ಮುಂದೆ ಕೆಂಪು ಗುರುತು ಬೀಳುತ್ತೆ. ಅದಕ್ಕೇ ಡೆಲಿವರಿ ಪಾರ್ಟ್ನರ್, ಸ್ವತಂತ್ರ ಕೆಲಸ ಅಂತಾನೇ ಬರೀರಿ, ಫಾರಂನಲ್ಲಿ ಯಾವ ಥರದ ಕೆಲಸ ಅಂತ ಕೇಳಿದ್ರೆ ಸೆಲ್ಫ್ ಎಂಪ್ಲಾಯ್ಡ್ ಅಂತ ಟಿಕ್ ಮಾಡಿ.

ಮಾವನ ಮಗನ ಐಡಿಲಿ ಓಡ್ಸಿದ 3 ತಿಂಗಳು ಬಿಟ್ಬಿಡಿ. ದುಡ್ಡು ಹೋಗಿರೋದು ಅವರ ಅಕೌಂಟ್‌ಗೆ, ನಿಮ್ಮತ್ರ ಪ್ರೂಫ್ ಇಲ್ಲ, ಮೇಲಾಗಿ ಬೇರೆಯವರ ಐಡಿಲಿ ಓಡ್ಸೋದು ರೂಲ್ಸ್ ಮುರಿದ ಹಾಗೆ, ಅದನ್ನ ನೀವೇ ಬರೆದುಕೊಟ್ರೆ ಇಂಟರ್‌ವ್ಯೂ ಅಲ್ಲೇ ಮುಗೀತು.

ಈಗ ಪ್ರೂಫ್ ವಿಷಯ. ನಿಮ್ಮ ಹಾಜರಿ ಪುಸ್ತಕ ಬ್ಯಾಂಕಲ್ಲಿದೆ. ಪೇಮೆಂಟ್ ವಾರಕ್ಕೊಮ್ಮೆ ಬರುತ್ತಲ್ವಾ, ಹಾಗಾದ್ರೆ ಓಡ್ಸಿದ 24 ತಿಂಗಳಿಗೆ ಸುಮಾರು 104 ವಾರ. ನೆಟ್ ಬ್ಯಾಂಕಿಂಗಿಂದ ಸ್ಟೇಟ್‌ಮೆಂಟ್ ಪಿಡಿಎಫ್ ಇಳಿಸ್ಕೊಂಡು, ಕಂಪನಿ ಕಡೆಯಿಂದ ದುಡ್ಡು ಬಂದ ಸಾಲು ಎಷ್ಟು ಅಂತ ಕೂತು ಎಣಿಸಿ. 104ರಲ್ಲಿ 99 ಬಂದಿದೆ ಅಂದ್ಕೊಳ್ಳಿ, ಅಂದ್ರೆ 2 ವರ್ಷದಲ್ಲಿ ದುಡಿಮೆ ಇಲ್ದೆ ಹೋದ ವಾರ 5 ಮಾತ್ರ. ಇದನ್ನ ಕೇಳಿದ್ರೆ ಹಬ್ ಮ್ಯಾನೇಜರ್ ಕಿವಿ ನೆಟ್ಟಗಾಗುತ್ತೆ, ಯಾಕಂದ್ರೆ ಅವರ ದೊಡ್ಡ ತಲೆನೋವೇ ಹಬ್ಬ ಮುಗಿದ ಮೇಲೆ ಊರಿಂದ ವಾಪಸ್ ಬರದ ಹುಡುಗ್ರು. ಸ್ಕ್ರೀನ್‌ಶಾಟ್‌ಗೆ ಅಷ್ಟು ಬೆಲೆ ಇಲ್ಲ, ಯಾರು ಬೇಕಾದ್ರೂ ಎಡಿಟ್ ಮಾಡ್ತಾರೆ. ಟಿಡಿಎಸ್ ಕಟ್ ಆಗಿದ್ರೆ ಇನ್ಕಮ್ ಟ್ಯಾಕ್ಸ್ ಪೋರ್ಟಲಲ್ಲಿ 26ಎಎಸ್ ತೆಗೀರಿ, ಅದರಲ್ಲಿ ಕಟ್ ಮಾಡಿದ ಕಂಪನಿ ಹೆಸರು ನಿಮ್ಮ ಪ್ಯಾನ್ ಕೆಳಗೆ ಬರುತ್ತೆ, ಸರ್ಕಾರದ ದಾಖಲೆ ಆಗಿರೋದ್ರಿಂದ ಯಾರೂ ಅನುಮಾನ ಪಡಲ್ಲ. ಇವನ್ನೆಲ್ಲ ಕೆಲಸ ಬಿಡೋಕೆ ಮುಂಚೆನೇ ತೆಗೆದಿಡಿ, ಐಡಿ ಬ್ಲಾಕ್ ಆದ್ರೆ ಆಪ್ ಒಳಗಿನ ಆರ್ಡರ್ ಲೆಕ್ಕ, ಸೇರಿದ ದಿನ ಯಾವ್ದೂ ಕಾಣಲ್ಲ. ಸಪೋರ್ಟ್‌ಗೂ ಒಂದು ಟಿಕೆಟ್ ಹಾಕಿ, ಸೇರಿದ ದಿನಾಂಕ ಮತ್ತೆ ಒಟ್ಟು ಆರ್ಡರ್ ಮೇಲ್ ಮಾಡಿ ಅಂತ. ಕಂಪನಿ ಮೇಲ್‌ನಿಂದ ಎರಡು ಸಾಲು ಬಂದ್ರೂ ಸಾಕು, ಅದೇ ನಿಮ್ಮ ಲೆಟರ್. ಆದ್ರೆ ಬ್ಯಾಂಕ್ ಸ್ಟೇಟ್‌ಮೆಂಟನ್ನ ಆಫರ್ ಬರೋಕೆ ಮುಂಚೆ ಕನ್ಸಲ್ಟೆನ್ಸಿಯವರ ವಾಟ್ಸಾಪ್‌ಗೆಲ್ಲ ಹಾಕ್ಬೇಡಿ.

ರೆಸ್ಯೂಮೆಲಿ 4.8 ಅಂತ ದೊಡ್ಡದಾಗಿ ಹಾಕೋ ಆಸೆ ಇರುತ್ತೆ, ಅದು ಅಷ್ಟೇನೂ ಕೆಲಸಕ್ಕೆ ಬರಲ್ಲ, ಎಚ್‌ಆರ್‌ಗೆ ಬೇರೆ ರೈಡರ್‌ಗಳದ್ದು ಎಷ್ಟಿರುತ್ತೆ ಅಂತಾನೇ ಗೊತ್ತಿರಲ್ಲ. 14,400ನೂ ಹಾಗೇ ಬಿಡ್ಬೇಡಿ, ಬಿಡಿಸಿ ಹೇಳಿ. 24 ತಿಂಗಳಿಗೆ ಹಂಚಿದ್ರೆ ತಿಂಗಳಿಗೆ 600, ತಿಂಗಳಲ್ಲಿ 24 ದಿನ ಓಡ್ಸಿದ್ರೆ ದಿನಕ್ಕೆ 25 ಆರ್ಡರ್. ನಿಮ್ಮ ದಿನಗಳ ಲೆಕ್ಕ ಬೇರೆ ಇದ್ರೆ ಅದನ್ನೇ ಹಾಕಿ. ಇನ್ನೊಂದು ನೀವು ಬರೆದೇ ಇಲ್ಲ, ಕ್ಯಾಶ್ ಆನ್ ಡೆಲಿವರಿ. ಕಸ್ಟಮರ್ ಕೊಟ್ಟ ದುಡ್ಡು ಕೈಲಿಟ್ಕೊಂಡು ಲಿಮಿಟ್ ದಾಟೋಕೆ ಮುಂಚೆ ಕಟ್ತೀರಲ್ಲ, ಬಾಕಿ ಇಟ್ಟಿದ್ರೆ ಆರ್ಡರ್ ಬರೋದೇ ನಿಂತೋಗ್ತಿತ್ತು. 2 ವರ್ಷ ಬೇರೆಯವರ ದುಡ್ಡನ್ನ ಲೆಕ್ಕ ತಪ್ಪದೆ ಕಟ್ಟಿದೀನಿ, ಈಗ ಬಾಕಿ ಸೊನ್ನೆ ಅನ್ನೋದು ಡಿಸ್ಪ್ಯಾಚ್ ಕೆಲಸಕ್ಕೆ ರೇಟಿಂಗ್‌ಗಿಂತ ದೊಡ್ಡದು, ಅಲ್ಲೂ ಸಂಜೆ ರೈಡರ್‌ಗಳು ತಂದ ಕ್ಯಾಶ್ ತಾಳೆ ನೋಡೋದು ಇರುತ್ತೆ. ಹಾಗಾಗಿ ನಿಮ್ಮ ಸಾಲುಗಳು ಇಷ್ಟೇ ಇರಲಿ: 24 ತಿಂಗಳು ಓಡ್ಸಿದ್ದು, ದಿನಕ್ಕೆ ಸರಾಸರಿ 25 ಡೆಲಿವರಿ, 104ರಲ್ಲಿ ಇಷ್ಟು ವಾರ ದುಡಿಮೆ, ಕ್ಯಾಶ್ ಬಾಕಿ ಇಲ್ಲ. ಕೆಳಗೆ ಸಣ್ಣದಾಗಿ, ದಾಖಲೆ ಕೇಳಿದ್ರೆ ಕೊಡ್ತೀನಿ ಅಂತ.

ಬಿದ್ದು ಮನೇಲಿದ್ದ 2 ತಿಂಗಳು ಮುಚ್ಚಿಡ್ಬೇಡಿ, ಸ್ಟೇಟ್‌ಮೆಂಟಲ್ಲಿ ಹೆಂಗೂ ಕಾಣುತ್ತೆ. ಪೆಟ್ಟಾಗಿತ್ತು, ವಾಸಿ ಆದ್ಮೇಲೆ ಮತ್ತೆ ಅದೇ ಐಡಿಲಿ ಶುರು ಮಾಡಿದೆ ಅಂದ್ರೆ ಸಾಕು.

ಸಂಬಳ ಕೇಳಿದಾಗ ಹುಷಾರು. ಅಕೌಂಟಿಗೆ 26 ಸಾವಿರ ಬರುತ್ತೆ ಅಂದ್ಕೊಳ್ಳಿ, ಪೆಟ್ರೋಲ್ 6 ಸಾವಿರ, ಸರ್ವಿಸ್ ಟೈರ್ ಮೊಬೈಲ್ ಡೇಟಾ ಅಂತ ಇನ್ನೊಂದು 1,500 ಹೋದ್ರೆ ಉಳಿಯೋದು 18,500. ನೀವು 26 ಅಂತ ಹೇಳಿದ್ರೆ ಇವನಿಗೆ ನಮ್ಮ 20 ಸಾಕಾಗಲ್ಲ, ಮೂರೇ ತಿಂಗಳಿಗೆ ವಾಪಸ್ ಗಾಡಿ ಹತ್ತುತ್ತಾನೆ ಅಂತ ಅವರೇ ಬಿಟ್ಬಿಡ್ತಾರೆ. ಎರಡೂ ಅಂಕಿ ಹೇಳಿ, ಖರ್ಚು ಕಳೆದು ಇಷ್ಟು ಅಂತ.

ಕೊನೇದಾಗಿ ಒಂದು ಸಣ್ಣ ಎಡವಟ್ಟು, ತುಂಬಾ ಜನ ಮಾಡ್ತಾರೆ. ಇ-ಶ್ರಮ್ ಕಾರ್ಡ್ ಮೇಲೂ 12 ಅಂಕಿಯ ಯುಎಎನ್ ಇರುತ್ತೆ, ಪಿಎಫ್‌ನದ್ದೂ 12 ಅಂಕಿಯ ಯುಎಎನ್ನೇ. ಎರಡೂ ಬೇರೆ ಬೇರೆ. ಸೇರೋವಾಗ ಫಾರಂ 11ರಲ್ಲಿ ಹಿಂದೆ ಪಿಎಫ್ ಇತ್ತಾ ಅಂತ ಕೇಳಿದ್ರೆ ಇಲ್ಲ ಅಂತ ಬರೀರಿ, ಇ-ಶ್ರಮ್ ನಂಬರ್ ತುಂಬ್ಬೇಡಿ. ಇಲ್ಲ ಅನ್ನೋದ್ರಲ್ಲಿ ಲಾಭವೂ ಇದೆ, 2025ರ ಆಗಸ್ಟ್ 1ರಿಂದ 2027ರ ಜುಲೈ 31ರ ಒಳಗೆ ಮೊದಲ ಸಲ ಪಿಎಫ್ ಇರೋ ಕೆಲಸಕ್ಕೆ ಸೇರೋರಿಗೆ ಕೇಂದ್ರದ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯಲ್ಲಿ 15 ಸಾವಿರದವರೆಗೆ ಎರಡು ಕಂತಲ್ಲಿ ಬರುತ್ತೆ, ಮೊದಲನೇದು 6 ತಿಂಗಳು ಕೆಲಸ ಮಾಡಿದ ಮೇಲೆ. ಆ ಕಂಪನಿ ಪಿಎಫ್ ಕಟ್ಟುತ್ತಾ ಅಂತ ಆಫರ್ ಬಂದ ದಿನವೇ ಕೇಳ್ಕೊಳಿ.