‘ಮೇಲೆಯೇ’ ಎನ್ನುವಲ್ಲಿ ಮಾತ್ರ ತಿರುಗಿಸಿ

“ಅಕ್ಕ, ಟೊರೊಂಟೊಗೆ ಬಂದು ನಾಲ್ಕು ತಿಂಗಳಾಯಿತು. ಇಲ್ಲೇ ಕಾಯಂ ನೆಲೆಸುವ ಪಿಆರ್‌ಗಾಗಿ ಐಇಎಲ್‌ಟಿಎಸ್ ಜನರಲ್ ಇಂಗ್ಲಿಷ್ ಪರೀಕ್ಷೆಯ ಬರವಣಿಗೆಯಲ್ಲಿ 7 ಬೇಕು, 6.5ರಲ್ಲೇ ನಿಂತಿದ್ದೇನೆ. ಪ್ರತಿ ಪ್ಯಾರಾದಲ್ಲೂ ‘ನಾಟ್ ಓನ್ಲಿ’, ‘ಸೆಲ್ಡಮ್’ ಹಾಕಿ, ‘ಡು’, ‘ಡಿಡ್’ಗಳನ್ನು ಕರ್ತೃವಿಗಿಂತ ಮೊದಲು ತಂದು ವಾಕ್ಯ ತಿರುಗಿಸಿ ಎನ್ನುತ್ತಾರೆ ಕೋಚಿಂಗಿನವರು. ನಿಜವೇ?”

ಪರೀಕ್ಷೆಯಲ್ಲಿ ಬರೆಯುವ ಇಡೀ ಪತ್ರಕ್ಕೆ ಇಂಥ ಒಂದು ವಾಕ್ಯ ಸಾಕು. ಮೊದಲ ಸಲ ನಾನೂ ಎಲೆಯ ತುಂಬ ಉಪ್ಪಿನಕಾಯಿಯನ್ನೇ ಬಡಿಸಿದ್ದೆ, ಬಂದದ್ದು ನಿಮ್ಮಷ್ಟೇ ಅಂಕ. ವ್ಯಾಕರಣಕ್ಕೆ ಇರುವುದು ನಾಲ್ಕರಲ್ಲಿ ಒಂದು ಪಾಲು. ಅಲ್ಲಿಯೂ ವಾಕ್ಯಗಳ ವೈವಿಧ್ಯದ ಜೊತೆಗೆ ತಪ್ಪುಗಳನ್ನೂ ನೋಡುತ್ತಾರೆ.

ಎಲ್ಲಿ ಹಾಕಬೇಕು ಎಂಬುದನ್ನು ನಮ್ಮ ಕನ್ನಡವೇ ಹೇಳಿಕೊಡುತ್ತದೆ. ಹೀಟರ್ ಕೆಟ್ಟಿದೆಯೆಂದು ಮನೆ ಮಾಲೀಕರಿಗೆ ಪತ್ರ ಬರೆಯುತ್ತಿದ್ದೀರಿ ಎಂದುಕೊಳ್ಳಿ. ‘ಮೂರು ಸಲ ಫೋನ್ ಮಾಡಿದೆ, ಪ್ಲಂಬರ್ ಬಂದ’ ಎಂದರೆ ಬರೀ ವರದಿ. ‘ಮೂರು ಸಲ ಫೋನ್ ಮಾಡಿದ ಮೇಲೆಯೇ ಪ್ಲಂಬರ್ ಬಂದದ್ದು’ ಎಂದರೆ ಆ ‘ಏ’ಕಾರದಲ್ಲಿ ಸಿಟ್ಟಿದೆ. ಮನಸ್ಸಿನಲ್ಲಿ ಹೀಗೆ ‘ಏ’ ಬಂದ ಕಡೆ ಮಾತ್ರ ಇಂಗ್ಲಿಷಿನಲ್ಲಿ ತಿರುಗಿಸಿ: ‘ಓನ್ಲಿ ಆಫ್ಟರ್ ಐ ಹ್ಯಾಡ್ ಕಾಲ್ಡ್ ಥ್ರೀ ಟೈಮ್ಸ್ ಡಿಡ್ ದ ಪ್ಲಂಬರ್ ಕಮ್.’

ನಮ್ಮವರು ಎಡವುವುದು ಎರಡು ಕಡೆ. ‘ಓನ್ಲಿ ಆಫ್ಟರ್’ ಕಂಡ ಕೂಡಲೇ ಅದರ ಬೆನ್ನಿಗೇ ‘ಹ್ಯಾಡ್ ಐ ಕಾಲ್ಡ್’ ಎಂದು ತಿರುಗಿಸಿಬಿಡುತ್ತಾರೆ. ಫೋನ್ ಮಾಡಿದ ಭಾಗ ಇದ್ದ ಹಾಗೆಯೇ ಇರಬೇಕು, ತಿರುಗುವುದು ಪ್ಲಂಬರ್ ಬಂದ ಮುಖ್ಯ ಭಾಗ. ಎರಡನೆಯದು, ‘ಡಿಡ್’ ಬಂದ ಮೇಲೂ ‘ಕೇಮ್’ ಎಂದು ಬರೆಯುವುದು. ಭೂತಕಾಲವನ್ನು ‘ಡಿಡ್’ ಹೊತ್ತುಕೊಂಡಿದೆ, ಆದ್ದರಿಂದ ‘ಕಮ್’ ಎಂದಷ್ಟೇ ಇರಬೇಕು. ‘ನಾಟ್ ಓನ್ಲಿ’ಯ ಲೆಕ್ಕ ಬೇರೆ, ಅಲ್ಲಿ ಅದರ ಪಕ್ಕದ ಭಾಗವೇ ತಿರುಗುತ್ತದೆ: ‘ನಾಟ್ ಓನ್ಲಿ ಡಿಡ್ ಹಿ ಕಮ್ ಲೇಟ್, ಬಟ್ ಹಿ ಆಲ್ಸೋ ಲೆಫ್ಟ್ ದ ಟ್ಯಾಪ್ ಲೀಕಿಂಗ್.’ ‘ಬಟ್’ ಆದಮೇಲೆ ಮಾಮೂಲಿ ಕ್ರಮ.

‘ಅಂಡರ್ ನೋ ಸರ್ಕಮ್‌ಸ್ಟನ್ಸಸ್’ ಬಿಟ್ಟುಬಿಡಿ. ನೋಟಿಸ್ ಬೋರ್ಡಿಗೆ ಅದು ಸರಿ, ಬಾಡಿಗೆದಾರನ ಬಾಯಲ್ಲಿ ವಕೀಲರ ನೋಟಿಸಿನಂತೆ ಕೇಳಿಸುತ್ತದೆ. ಗೆಳೆಯನಿಗೆ ಬರೆಯುವ ಪತ್ರದಲ್ಲಂತೂ ತಿರುಗಿಸುವ ಗೋಜೇ ಬೇಡ.

ಮಾತಿನ ಪರೀಕ್ಷೆಗೂ ಇದನ್ನು ಒಯ್ಯಬೇಡಿ. ಊಟದ ಬಗ್ಗೆ ಕೇಳಿದಾಗ ‘ಸೆಲ್ಡಮ್ ಡು ಐ ಕುಕ್’ ಎಂದರೆ ಬಾಯಿಪಾಠ ಎಂದು ಎದುರಿನವರಿಗೆ ತಕ್ಷಣ ತಿಳಿಯುತ್ತದೆ. ಅಲ್ಲಿಗೆ ‘ವಾಟ್ ಐ ಮಿಸ್ ಮೋಸ್ಟ್ ಈಸ್ ಮೈ ಮದರ್ಸ್ ಸಾರು’ ಎನ್ನುವ ಜಾತಿಯ ವಾಕ್ಯ ಒಗ್ಗುತ್ತದೆ. ರಚನೆ ಸರಳವಲ್ಲ, ಆದರೂ ಇಲ್ಲಿನವರು ದಿನವೂ ಆಡುವ ಮಾತಿನ ಧಾಟಿ ಅದು. ‘ಸಾರು’ ಎಂದರೇನು ಎಂದು ಅವರು ಕೇಳಿದರೆ ಇನ್ನೆರಡು ನಿಮಿಷ ನಿಮ್ಮದೇ.