ನಮ್ಮಿಬ್ಬರ ಟೆಸ್ಟ್‌ಗಳೂ ನಾರ್ಮಲ್, ಆದರೂ ಮಗು ಆಗುತ್ತಿಲ್ಲ. ಇನ್ನು ಯಾವ ಟೆಸ್ಟ್ ಮಾಡಿಸಬೇಕು?

ನನ್ನ ಪ್ರಕಾರ ಇನ್ನು ಟೆಸ್ಟ್ ಹುಡುಕುತ್ತಾ ಹೋಗಬೇಡಿ. ನಾವೂ ಇದೇ ಸ್ಥಿತಿಯಲ್ಲಿದ್ದೆವು. ಗಂಡನ ವೀರ್ಯ ಪರೀಕ್ಷೆ ಸರಿ ಇತ್ತು. ನನಗೆ ಪ್ರತಿ ತಿಂಗಳೂ ಅಂಡಾಣು ಬಿಡುಗಡೆ ಆಗುತ್ತಿತ್ತು. ಎಚ್‌ಎಸ್‌ಜಿ ಎಕ್ಸ್‌ರೇಯಲ್ಲಿ ಎರಡೂ ಗರ್ಭನಾಳ ತೆರೆದಿದ್ದವು. ಡಾಕ್ಟರ್ 'ಅನ್‌ಎಕ್ಸ್‌ಪ್ಲೇನ್ಡ್' ಅಂತ ಬರೆದರು. ಹಾಗಂದರೆ ಕಾರಣವೇ ಇಲ್ಲ ಅಂತಲ್ಲ. ವೀರ್ಯಾಣು ಅಂಡಾಣುವಿನ ಒಳಗೆ ಹೋಗುತ್ತಾ, ಭ್ರೂಣ ಸರಿಯಾಗಿ ಬೆಳೆಯುತ್ತಾ ಅನ್ನೋದು ಈ ಟೆಸ್ಟ್‌ಗಳಲ್ಲಿ ಕಾಣುವುದೇ ಇಲ್ಲ, ಅಷ್ಟೇ.

ನಾವು ಎಡವಿದ್ದು ಇದರ ಮುಂದಿನ ಹೆಜ್ಜೆಯಲ್ಲಿ. ಕ್ಲೋಮಿಫೀನ್ ಮಾತ್ರೆ ಬರೆದುಕೊಟ್ಟರು, ಮನೆಯಲ್ಲೇ ಪ್ರಯತ್ನ ಮಾಡಿ ಅಂದರು. ನಾನು ತಿಂಗಳಾನುಗಟ್ಟಲೆ ನುಂಗಿದೆ. ಸ್ಕ್ಯಾನ್ ಇಲ್ಲ, ವೀರ್ಯವನ್ನು ನೇರ ಗರ್ಭಕೋಶಕ್ಕೆ ಬಿಡುವ ಐಯುಐ ಕೂಡ ಇಲ್ಲ. ಏನೋ ಚಿಕಿತ್ಸೆ ನಡೀತಾ ಇದೆ ಅನ್ನುವ ಸಮಾಧಾನ ಇತ್ತು, ಅದಕ್ಕೇ ಯಾರನ್ನೂ ಪ್ರಶ್ನೆ ಕೇಳಲಿಲ್ಲ. ಆಮೇಲೆ ಬೇರೆ ಡಾಕ್ಟರ್ ಹತ್ತಿರ ಹೋದಾಗ ಅವರು ಹಳೇ ಫೈಲ್ ತಿರುವಿ, ಮಾತ್ರೆ ಶುರುವಾಗುವುದಕ್ಕೆ ಮೊದಲಿನ ಪ್ರೊಜೆಸ್ಟರಾನ್ ರಿಪೋರ್ಟ್ ಮೇಲೆ ಬೆರಳಿಟ್ಟರು. "ನೋಡಿಮ್ಮಾ, ನಿಮಗೆ ಅಂಡಾಣು ತಾನಾಗೇ ಬಿಡುಗಡೆ ಆಗ್ತಾ ಇತ್ತಲ್ವಾ? ಮತ್ತೆ ಈ ಮಾತ್ರೆ ಯಾಕೆ?" ಅಂದರು. ಅಂಡಾಣು ಬಿಡುಗಡೆ ಆಗದವರಿಗೆ ಆ ಮಾತ್ರೆ ಕೆಲಸ ಮಾಡುತ್ತದೆ. ನಮ್ಮಂಥವರಿಗೆ ಬರೀ ಮಾತ್ರೆ ತಗೊಳ್ಳೋದೂ ಸುಮ್ನೆ ಕಾಯೋದೂ ಹೆಚ್ಚುಕಡಿಮೆ ಒಂದೇ. ಮೇಲಾಗಿ ಸ್ಕ್ಯಾನ್ ಇಲ್ಲದೆ ತಗೊಂಡರೆ ಒಂದಕ್ಕಿಂತ ಜಾಸ್ತಿ ಅಂಡಾಣು ಬೆಳೆದು ಅವಳಿ ಮಕ್ಕಳಾಗುವ ಸಾಧ್ಯತೆಯೂ ಇದೆ. ಹೋದ ಕಾಲ ವಾಪಸ್ ಬರಲಿಲ್ಲ, ನನ್ನ ವಯಸ್ಸು ಮಾತ್ರ ಏರಿತು.

ಹೆಂಡತಿಗೆ 35 ಆಗಿಲ್ಲ, ಪ್ರಯತ್ನ ಶುರುಮಾಡಿ 2 ವರ್ಷವೂ ಆಗಿಲ್ಲ ಅಂದರೆ ಇನ್ನೊಂದಿಷ್ಟು ತಿಂಗಳು ಕಾಯಿರಿ ಅಂತಲೇ ಅನೇಕ ಡಾಕ್ಟರ್‌ಗಳು ಹೇಳುತ್ತಾರೆ. ಎಷ್ಟೋ ಜನರಿಗೆ ಹಾಗೇ ಗರ್ಭ ನಿಲ್ಲುತ್ತದೆ. ಅದಾಗದಿದ್ದರೆ ಮಾತ್ರೆ ಮತ್ತು ಐಯುಐ ಎರಡೂ ಒಟ್ಟಿಗೆ. ಸ್ಕ್ಯಾನ್‌ನಲ್ಲಿ ಫಾಲಿಕಲ್, ಅಂದರೆ ಅಂಡಾಣು ಬೆಳೆಯುವ ಪುಟ್ಟ ಚೀಲ, ಸುಮಾರು 18ರಿಂದ 20 ಮಿ.ಮೀ. ಆಗುವವರೆಗೆ ನೋಡಿ, ಇಂಜೆಕ್ಷನ್ ಕೊಟ್ಟು, ತೊಳೆದು ಸಿದ್ಧಪಡಿಸಿದ ವೀರ್ಯವನ್ನು ಗರ್ಭಕೋಶದೊಳಗೆ ಬಿಡುತ್ತಾರೆ. ಇದನ್ನು 3-4 ಸಲ ಮಾಡಿಯೂ ಆಗದಿದ್ದರೆ ಐವಿಎಫ್. 38 ದಾಟಿದ್ದರೆ ಐಯುಐನಲ್ಲಿ ತುಂಬಾ ದಿನ ಕಳೆಯಬೇಡಿ, ನೇರ ಐವಿಎಫ್ ಬಗ್ಗೆ ಮಾತಾಡಿ.

ನಮಗೆ ಐಯುಐ ಫಲ ಕೊಡಲಿಲ್ಲ. ಐವಿಎಫ್‌ನಲ್ಲಿ ಅಂಡಾಣು ತೆಗೆದು ವೀರ್ಯದ ಜೊತೆ ಇಟ್ಟರು. ಮರುದಿನ ಬೆಳಿಗ್ಗೆ ಲ್ಯಾಬ್‌ನಿಂದ ಫೋನ್ ಬಂತು. ಒಂದೂ ಫಲಿತವಾಗಿರಲಿಲ್ಲ. ನಾನು ತುಂಬಾ ಅತ್ತೆ. ಆದರೆ ಅಷ್ಟು ದಿನ ಯಾವ ಟೆಸ್ಟೂ ಹೇಳದ ವಿಷಯ ಅವತ್ತು ಗೊತ್ತಾಯಿತು. ಮುಂದಿನ ಸಲ ಇಕ್ಸಿ ಮಾಡಿದರು, ಅಂದರೆ ಒಂದೊಂದು ಅಂಡಾಣುವಿಗೂ ಒಂದೊಂದು ವೀರ್ಯಾಣುವನ್ನು ಸೂಜಿಯಿಂದ ಒಳಗೆ ಬಿಟ್ಟರು. ಆಗ ಭ್ರೂಣಗಳಾದವು. ಹಾಗಂತ ಎಲ್ಲರಿಗೂ ಮೊದಲೇ ಇಕ್ಸಿ ಬೇಕಾಗಿಲ್ಲ.

ಈಗ ಡಾಕ್ಟರ್ ಹತ್ತಿರ ಹೋದಾಗ ಬರೀ ಮಾತ್ರೆ ಬರೆದರೆ, "ಐಯುಐ ಇಲ್ಲದೆ ಇದರಿಂದ ನಮಗೆ ಏನು ಲಾಭ, ಎಷ್ಟು ತಿಂಗಳು, ಆಮೇಲೆ ಏನು?" ಅಂತ ಅಲ್ಲೇ ಕೇಳಿ.